ಅಮೆರಿಕನ್ ಪುಟ್‌ಗೆ 13.31 ಎಲ್ಲಿಂದ ಬಂತು? ಎರಡೇ ಹೆಜ್ಜೆಯ ಮರದಲ್ಲಿ ಪೂರ್ತಿ ಲೆಕ್ಕ

ಪ್ರಶ್ನೆ: ಸರ್, ನಾನು ಎಂಬಿಎ ಎರಡನೇ ವರ್ಷ. ಶೇರು ಈಗ 100 ರೂಪಾಯಿ, ಪ್ರತಿ ವರ್ಷ ಒಂದೋ 1.25 ಪಟ್ಟು ಆಗುತ್ತೆ, ಇಲ್ಲ 0.80 ಪಟ್ಟು ಆಗುತ್ತೆ. ಬಡ್ಡಿ 7%. ಎರಡು ವರ್ಷದ ಪುಟ್, ಸ್ಟ್ರೈಕ್ 110. ಡಿವಿಡೆಂಡ್ ಇಲ್ಲ. ಎಕ್ಸೆಲ್‌ನಲ್ಲಿ ಮಾಡಿದರೆ ನನಗೆ 10.62 ಬರ್ತಿದೆ, ಮೇಷ್ಟ್ರು ಅಮೆರಿಕನ್ ಆಪ್ಷನ್‌ಗೆ 13.31 ಅಂತಾರೆ. ಈಗಲೇ ಎಕ್ಸರ್ಸೈಸ್ ಮಾಡಿದ್ರೆ ಸಿಗೋ 10 ರೂಪಾಯಿ ಜೊತೆ ನಾನೂ ಹೋಲಿಸಿದ್ದೀನಿ, ಆದ್ರೂ ಸರಿ ಬರ್ತಿಲ್ಲ. ಎಲ್ಲಿ ತಪ್ಪಿದೆ? ಆ p ಅನ್ನೋದು ಶೇರು ಏರುವ ನಿಜವಾದ ಸಂಭವನಾ?

ಉತ್ತರ: ನಿಮ್ಮ 10.62 ತಪ್ಪು ಲೆಕ್ಕ ಅಲ್ಲ. ಅದು ಯುರೋಪಿಯನ್ ಪುಟ್‌ನ, ಅಂದರೆ ಕೊನೆಯ ದಿನ ಮಾತ್ರ ಎಕ್ಸರ್ಸೈಸ್ ಮಾಡಬಹುದಾದ ಪುಟ್‌ನ ಸರಿಯಾದ ಬೆಲೆ. ನೀವು ಹೋಲಿಕೆ ಮಾಡಿದ್ದು ಮರದ ಬುಡದಲ್ಲಿ ಮಾತ್ರ, ಒಂದೇ ಒಂದು ಸಲ. ಅಮೆರಿಕನ್ ಆಪ್ಷನ್ ಅನ್ನು ಯಾವ ದಿನ ಬೇಕಾದರೂ ಎಕ್ಸರ್ಸೈಸ್ ಮಾಡಬಹುದು, ಹಾಗಾಗಿ ಆ ಹೋಲಿಕೆಯನ್ನು ಮರದ ಪ್ರತಿ ಗಂಟಿನಲ್ಲೂ ಮಾಡಬೇಕು, ಅಲ್ಲಿ ಗೆದ್ದ ಸಂಖ್ಯೆಯನ್ನೇ ಹಿಡಿದುಕೊಂಡು ಹಿಂದಿನ ಗಂಟಿಗೆ ಬರಬೇಕು. ನಿಮ್ಮ ಎರಡು ರೂಪಾಯಿ ಅರವತ್ತೊಂಬತ್ತು ಪೈಸೆ ಕಳೆದುಹೋಗಿರುವುದು ಮಧ್ಯದ ಒಂದು ಗಂಟಿನಲ್ಲಿ, ಶೇರು 80 ರೂಪಾಯಿಗೆ ಇಳಿದು ನಿಂತಿರುವ ಜಾಗದಲ್ಲಿ. ಅಲ್ಲಿಗೇ ಹೋಗೋಣ, ಆದರೆ ಮೊದಲಿಂದ ನಡೆದುಕೊಂಡು ಹೋಗೋಣ.

ಮೊದಲು ಶೇರಿನ ಬೆಲೆಗಳನ್ನು ಬರೆದುಕೊಳ್ಳಿ. ಇದೊಂದನ್ನು ಮಾತ್ರ ಎಡದಿಂದ ಬಲಕ್ಕೆ ಬರೆಯುವುದು.

```
ಇವತ್ತು     1 ವರ್ಷ     2 ವರ್ಷ

                      156.25
           125
100                   100
           80
                      64
```

ಏರಿ ಇಳಿದರೂ ಅಷ್ಟೇ, ಇಳಿದು ಏರಿದರೂ ಅಷ್ಟೇ, 100ಕ್ಕೇ ವಾಪಸ್ ಬರುತ್ತದೆ, ಯಾಕೆಂದರೆ 1.25 ಮತ್ತು 0.80 ಗುಣಿಸಿದರೆ ಸರಿಯಾಗಿ 1. ಏರಿ ಇಳಿದರೂ ಇಳಿದು ಏರಿದರೂ ಒಂದೇ ಬೆಲೆಗೆ ಬಂದು ಕೊಂಬೆಗಳು ಮತ್ತೆ ಕೂಡಿಕೊಳ್ಳುವುದರಿಂದ ಎರಡು ಹೆಜ್ಜೆಗೆ ಕೊನೆಯಲ್ಲಿ ನಾಲ್ಕರ ಬದಲು ಮೂರೇ ಗಂಟು. ಇಲ್ಲಿ ಅದು ಸಣ್ಣ ಉಳಿತಾಯ. ನೂರು ಹೆಜ್ಜೆ ಹಾಕುವಾಗ ಕೊನೆಯಲ್ಲಿ 101 ಗಂಟು ಸಾಕು, ಕೂಡಿಕೊಳ್ಳದೇ ಇದ್ದರೆ ಎರಡನ್ನು ನೂರು ಸಲ ಗುಣಿಸಿದಷ್ಟು ಗಂಟು ಬೇಕಾಗುತ್ತಿತ್ತು. ಕಾಕ್ಸ್, ರಾಸ್, ರೂಬಿನ್‌ಸ್ಟೀನ್ ಎಂಬ ಮೂವರು 1979ರಲ್ಲಿ ಈ ವಿಧಾನವನ್ನು ಬರೆದಾಗಲೂ ಇಳಿಕೆಯನ್ನು ಏರಿಕೆಯ ತಲೆಕೆಳಗು ಮಾಡಿಟ್ಟಿದ್ದರು.

ಈಗ ನಿಮ್ಮ ಎರಡನೇ ಪ್ರಶ್ನೆ, ಆ `p`. ಅದನ್ನು ಮೊದಲು ಮುಗಿಸಿಬಿಡೋಣ, ಯಾಕೆಂದರೆ ಅದು ಮನಸ್ಸಿನಲ್ಲಿ ಕೊರೆಯುತ್ತಿದ್ದರೆ ಮುಂದಿನದು ತಲೆಗೆ ಹೋಗುವುದಿಲ್ಲ.

```
p = (R - d) / (u - d)
  = (1.07 - 0.80) / (1.25 - 0.80)
  = 0.27 / 0.45 = 0.60
```

ಇದು ಶೇರು ಏರುವ ನಿಜವಾದ ಸಂಭವ ಅಲ್ಲ. ಮೇಲಿನ ಸೂತ್ರದಲ್ಲಿ ಆ ಕಂಪನಿ ಚೆನ್ನಾಗಿ ನಡೆಯುತ್ತಿದೆಯಾ, ಮಾರುಕಟ್ಟೆ ಏನು ಅಂದುಕೊಂಡಿದೆ ಅನ್ನುವುದು ಎಲ್ಲೂ ಇಲ್ಲ ನೋಡಿ. ಇರುವುದು ಏರಿಕೆ, ಇಳಿಕೆ, ಬಡ್ಡಿ, ಈ ಮೂರೇ. ಶೇರಿನ ಸರಾಸರಿ ಬೆಳವಣಿಗೆ ಬ್ಯಾಂಕ್ ಬಡ್ಡಿಯಷ್ಟೇ ಆಗುವ ಹಾಗೆ ಏರಿಕೆಗೆ ಎಷ್ಟು ತೂಕ ಕೊಡಬೇಕು ಅನ್ನುವುದೇ `p`. ತಾಳೆ ನೋಡಿ: 125ರ 0.6 ಅಂದರೆ 75, 80ರ 0.4 ಅಂದರೆ 32, ಕೂಡಿದರೆ 107. ನೂರು ರೂಪಾಯಿ ಬ್ಯಾಂಕಿನಲ್ಲಿಟ್ಟರೂ 107. ಈ ತಾಳೆ ಕೂಡಲಿಲ್ಲ ಅಂದರೆ ಮುಂದೆ ಹೋಗಬೇಡಿ, `p` ತಪ್ಪಾಗಿದೆ.

ಹಾಗಾದರೆ ನಿಜವಾದ ಸಂಭವ ಯಾಕೆ ಬೇಡ? ಯಾಕೆಂದರೆ ಆಪ್ಷನ್ ಮಾರಿದವನು ಶೇರು ಮತ್ತು ಬ್ಯಾಂಕ್ ಖಾತೆ ಎರಡನ್ನೇ ಇಟ್ಟುಕೊಂಡು ಆ ಆಪ್ಷನ್ ಕೊಡುವಷ್ಟೇ ಹಣವನ್ನು ತಾನೇ ತಯಾರು ಮಾಡಿಕೊಳ್ಳಬಲ್ಲ, ಶೇರು ಮೇಲೆ ಹೋದರೂ ಸರಿ, ಕೆಳಗೆ ಬಂದರೂ ಸರಿ. ಎರಡೂ ಕಡೆಗೆ ತಯಾರಾಗಿ ಕೂತವನಿಗೆ ಯಾವುದು ಜಾಸ್ತಿ ಸಂಭವ ಅನ್ನುವ ಚಿಂತೆ ಇಲ್ಲ. ಇದನ್ನು ನಾನು ಬಾಯಿಮಾತಿನಲ್ಲಿ ಬಿಡುವುದಿಲ್ಲ, 13.31 ಸಿಕ್ಕ ಮೇಲೆ ರೂಪಾಯಿ ಪೈಸೆಯಲ್ಲಿ ಮಾಡಿ ತೋರಿಸುತ್ತೇನೆ.

ಇನ್ನು ಹಿಂದಕ್ಕೆ ನಡೆಯುವ ಕೆಲಸ. ಎರಡನೇ ವರ್ಷದ ಕೊನೆಯಲ್ಲಿ ಯೋಚಿಸುವುದೇ ಬೇಡ, ಕಾಯಲು ಮುಂದೆ ದಿನವೇ ಇಲ್ಲ. ಶೇರು 156.25 ಆಗಿದ್ದರೆ 110ಕ್ಕೆ ಮಾರುವ ಹಕ್ಕು ಯಾರಿಗೂ ಬೇಡ, ಪುಟ್‌ನ ಬೆಲೆ 0. ಶೇರು 100 ಆಗಿದ್ದರೆ 10. ಶೇರು 64 ಆಗಿದ್ದರೆ 46.

ಒಂದು ಹೆಜ್ಜೆ ಹಿಂದೆ ಬನ್ನಿ, ಮೇಲಿನ ಗಂಟು, ಶೇರು 125. ಇಲ್ಲಿಂದ ಮುಂದೆ ಪುಟ್ 0 ಆಗಬಹುದು, ಇಲ್ಲ 10 ಆಗಬಹುದು. ತೂಕ ಹಾಕಿ ಕೂಡಿ, ಒಂದು ವರ್ಷದ ಬಡ್ಡಿ ಕಳೆದು ಈ ಗಂಟಿನ ದಿನದ ಬೆಲೆಗೆ ತನ್ನಿ:

```
(0.6 × 0 + 0.4 × 10) / 1.07 = 3.74
```

ಇದು ಕಾದರೆ ಇರುವ ಬೆಲೆ. ಈಗಲೇ ಎಕ್ಸರ್ಸೈಸ್ ಮಾಡಿದರೆ 125ರ ಶೇರನ್ನು 110ಕ್ಕೆ ಕೊಟ್ಟ ಹಾಗೆ, ಯಾರೂ ಮಾಡುವುದಿಲ್ಲ. ಆದ್ದರಿಂದ ಈ ಗಂಟಿನ ಬೆಲೆ 3.74. ಇಲ್ಲಿ ಅಮೆರಿಕನ್, ಯುರೋಪಿಯನ್ ಎರಡೂ ಒಂದೇ.

ಈಗ ಕೆಳಗಿನ ಗಂಟು, ಶೇರು 80. ಸ್ವಲ್ಪ ನಿಧಾನವಾಗಿ ನೋಡಿ, ನಿಮ್ಮ ಪ್ರಶ್ನೆಯ ಉತ್ತರ ಪೂರ್ತಿ ಇಲ್ಲೇ ಇದೆ.

```
ಕಾದರೆ:                  (0.6 × 10 + 0.4 × 46) / 1.07 = 22.80
ಈಗಲೇ ಎಕ್ಸರ್ಸೈಸ್ ಮಾಡಿದರೆ:  110 - 80 = 30.00
```

30 ದೊಡ್ಡದು. ಅಮೆರಿಕನ್ ಪುಟ್ ಇಟ್ಟುಕೊಂಡವರು ಇಲ್ಲಿ ಎಕ್ಸರ್ಸೈಸ್ ಮಾಡುತ್ತಾರೆ, ಗಂಟಿನ ಬೆಲೆ 30. ಯುರೋಪಿಯನ್ ಪುಟ್ ಇಟ್ಟುಕೊಂಡವರಿಗೆ ಆ ಬಾಗಿಲು ಎಕ್ಸ್‌ಪೈರಿ ದಿನದವರೆಗೆ ಮುಚ್ಚಿದೆ, ಅವರ ಬೆಲೆ 22.80. ನಿಮ್ಮ ಹಾಳೆಯಲ್ಲಿ ಈ ಜಾಗದಲ್ಲಿ 22.80 ಕೂತಿದೆ, ಒಂದು ಸಲ ತೆರೆದು ನೋಡಿ.

ಆದರೆ ಯಾಕೆ ಕಾಯಬಾರದು? ಶೇರು ಇನ್ನೂ ಬಿದ್ದು 64 ಆದರೆ 46 ಸಿಗುತ್ತದಲ್ಲ, 30ಕ್ಕೆ ಯಾಕೆ ಒಪ್ಪಬೇಕು? ಇದು ಎಲ್ಲರಿಗೂ ಬರುವ ಅನುಮಾನ, ಬರಲೇಬೇಕಾದ ಅನುಮಾನ. ಅದಕ್ಕೆ ಉತ್ತರ ಕಾಣಬೇಕಾದರೆ ಪುಟ್ ಒಂದನ್ನೇ ನೋಡಬೇಡಿ, ಅದರ ಜೊತೆಗೆ ಒಂದು ಶೇರೂ ನಿಮ್ಮ ಕೈಯಲ್ಲಿದೆ ಅಂದುಕೊಳ್ಳಿ. ಮುಂದಿನ ವರ್ಷ ಶೇರು 100 ಆದರೆ, ಶೇರು 100 ಮತ್ತು ಪುಟ್ 10, ಒಟ್ಟು 110. ಶೇರು 64 ಆದರೆ, ಶೇರು 64 ಮತ್ತು ಪುಟ್ 46, ಒಟ್ಟು ಮತ್ತೆ 110. ಅಂದರೆ ಈ ಗಂಟಿನಿಂದ ಮುಂದೆ ಏನೇ ಆದರೂ ಕೈಗೆ ಬರುವುದು ಅದೇ 110, ಒಂದು ರೂಪಾಯಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಕಾದರೆ ಆ 110 ಒಂದು ವರ್ಷ ಬಿಟ್ಟು ಬರುತ್ತದೆ. ಈಗಲೇ ಎಕ್ಸರ್ಸೈಸ್ ಮಾಡಿದರೆ ಅದೇ 110 ಇವತ್ತೇ ಬರುತ್ತದೆ, ಬ್ಯಾಂಕಿಗೆ ಹಾಕಿದರೆ ವರ್ಷದ ಕೊನೆಗೆ 117.70 ಆಗಿರುತ್ತದೆ. ಖಚಿತವಾಗಿ ಬರುವ ಒಂದೇ ಮೊತ್ತವನ್ನು ಇವತ್ತು ಕೊಡುತ್ತೇವೆ ಅಂದರೆ ಯಾರು ಮುಂದಿನ ವರ್ಷ ಬರುತ್ತೇನೆ ಅನ್ನುತ್ತಾರೆ?

ಲೆಕ್ಕದಲ್ಲೂ ಅದೇ ಕಾಣುತ್ತದೆ. 110ನ್ನು 1.07ರಿಂದ ಭಾಗಿಸಿದರೆ 102.80, ಅದರಲ್ಲಿ ಶೇರಿನ 80 ಕಳೆದರೆ 22.80. ಮೇಲೆ ತೂಕ ಹಾಕಿ ತಂದ ಸಂಖ್ಯೆಯೇ. 30ಕ್ಕೂ 22.80ಕ್ಕೂ ಇರುವ 7.20ರ ವ್ಯತ್ಯಾಸ ಬೇರೇನೂ ಅಲ್ಲ, ಸ್ಟ್ರೈಕ್ ಹಣದ ಮೇಲಿನ ಒಂದು ವರ್ಷದ ಬಡ್ಡಿ, ಈ ಗಂಟಿನ ದಿನದ ಬೆಲೆಯಲ್ಲಿ. ಅಮೆರಿಕನ್ ಪುಟ್ ಬಗ್ಗೆ ನನಗೆ ತುಂಬಾ ಇಷ್ಟವಾದ ವಿಷಯ ಇದು. ಬೇಗ ಎಕ್ಸರ್ಸೈಸ್ ಮಾಡುವುದು ಶೇರು ಇನ್ನು ಬೀಳುವುದಿಲ್ಲ ಅನ್ನುವ ಊಹೆಯಿಂದ ಅಲ್ಲ. ಬಡ್ಡಿಗೋಸ್ಕರ.

ಈಗ ಬುಡಕ್ಕೆ ಬನ್ನಿ. ಮೇಲಿನ ಗಂಟಿನಲ್ಲಿ 3.74, ಕೆಳಗಿನ ಗಂಟಿನಲ್ಲಿ 30.

```
ಕಾದರೆ:     (0.6 × 3.74 + 0.4 × 30) / 1.07 = 13.31
ಈಗಲೇ:      110 - 100 = 10
```

ಕಾಯುವುದು ಮೇಲು, ಬೆಲೆ 13.31. ಮೇಷ್ಟ್ರು ಹೇಳಿದ್ದು ಸರಿ. ಕೆಳಗಿನ ಗಂಟಿನಲ್ಲಿ 30ರ ಬದಲು 22.80 ಹಾಕಿದರೆ ನಿಮ್ಮ 10.62 ಬರುತ್ತದೆ. ವ್ಯತ್ಯಾಸ 2.69. ಅದನ್ನೂ ನೇರವಾಗಿ ಹಿಡಿಯಬಹುದು: ಕೆಳಗಿನ ಗಂಟಿನ 7.20ಕ್ಕೆ 0.4 ತೂಕ ಹಾಕಿ, 1.07ರಿಂದ ಭಾಗಿಸಿ. 2.69.

ಇನ್ನು ಮೇಲೆ ಕೊಟ್ಟ ಮಾತು ಉಳಿಸಿಕೊಳ್ಳುತ್ತೇನೆ. ನೀವೇ ಈ ಪುಟ್ ಮಾರಿದ್ದೀರಿ, 13.31 ಪ್ರೀಮಿಯಂ ಕೈಗೆ ಬಂದಿದೆ ಅಂದುಕೊಳ್ಳಿ. ಎಷ್ಟು ಶೇರು ಶಾರ್ಟ್ ಮಾಡಬೇಕು, ಅಂದರೆ ಸಾಲ ತಂದು ಮಾರಬೇಕು ಅನ್ನುವುದು ಮರದಲ್ಲೇ ಇದೆ: ಮುಂದಿನ ಎರಡು ಗಂಟುಗಳಲ್ಲಿ ಪುಟ್‌ನ ಬೆಲೆ 30ಕ್ಕೂ 3.74ಕ್ಕೂ ಇರುವ ಅಂತರ 26.26, ಶೇರಿನ ಬೆಲೆಯ ಅಂತರ 45, ಭಾಗಿಸಿದರೆ 0.5836. ಅಷ್ಟು ಶೇರನ್ನು 100ರ ಬೆಲೆಗೆ ಶಾರ್ಟ್ ಮಾಡಿದರೆ 58.36 ಬರುತ್ತದೆ. ಪ್ರೀಮಿಯಂ ಸೇರಿಸಿ 71.67, ಇದನ್ನು ಬ್ಯಾಂಕಿಗೆ ಹಾಕಿ. ವರ್ಷದ ಕೊನೆಗೆ 76.69. ಶೇರು 125ಕ್ಕೆ ಏರಿದ್ದರೆ ಶಾರ್ಟ್ ಮಾಡಿದ್ದನ್ನು ವಾಪಸ್ ಕೊಳ್ಳಲು 72.95 ಖರ್ಚು, ಉಳಿಯುವುದು 3.74, ಸರಿಯಾಗಿ ಮೇಲಿನ ಗಂಟಿನಲ್ಲಿ ಪುಟ್‌ನ ಬೆಲೆ. ಶೇರು 80ಕ್ಕೆ ಇಳಿದಿದ್ದರೆ 46.69 ಖರ್ಚು, ಉಳಿಯುವುದು 30. ಪುಟ್ ಇಟ್ಟುಕೊಂಡವರು ಬಂದು ಎಕ್ಸರ್ಸೈಸ್ ಮಾಡಿದರೆ ಆ 30ನ್ನು ಕೊಟ್ಟು ಕೈ ತೊಳೆದುಕೊಳ್ಳಬಹುದು. ಎರಡೂ ಕಡೆ ಲೆಕ್ಕ ಚುಕ್ತಾ. ಇದರಲ್ಲಿ ಶೇರು ಏರುವ ಸಂಭವ 0.6 ಇದೆಯಾ 0.9 ಇದೆಯಾ ಅಂತ ಎಲ್ಲಾದರೂ ಕೇಳಿದೆವಾ? ಇಲ್ಲ ಅಲ್ವಾ. `p` ಅನ್ನುವುದು ಈ ಶಾರ್ಟ್ ಮತ್ತು ಬ್ಯಾಂಕಿನ ಲೆಕ್ಕವನ್ನು ಚಿಕ್ಕದಾಗಿ ಬರೆಯುವ ದಾರಿ, ಅಷ್ಟೇ.

ಇಲ್ಲೇ ಇನ್ನೊಂದು ಸಂಗತಿ ಇದೆ. 80ರ ಗಂಟಿನಲ್ಲಿ ಪುಟ್ ಇಟ್ಟುಕೊಂಡವರು ಮರೆತರು, ಎಕ್ಸರ್ಸೈಸ್ ಮಾಡಲಿಲ್ಲ ಅಂದುಕೊಳ್ಳಿ. ಮಾರಿದವರ ಕೈಯಲ್ಲಿ 30 ಇದೆ, ಮುಂದಿನ ವರ್ಷಕ್ಕೆ ತಯಾರಾಗಲು 22.80 ಸಾಕು. ಉಳಿದ 7.20 ಮಾರಿದವರ ಪಾಲು. ಅಮೆರಿಕನ್ ಆಪ್ಷನ್ ಕೊಂಡು ಸರಿಯಾದ ದಿನ ಎಕ್ಸರ್ಸೈಸ್ ಮಾಡದವರ ಹಣ ಗಾಳಿಗೆ ಹೋಗುವುದಿಲ್ಲ, ಎದುರು ಕೂತವರ ಜೇಬಿಗೆ ಹೋಗುತ್ತದೆ. ಬೇಗ ಎಕ್ಸರ್ಸೈಸ್ ಮಾಡುವ ಹಕ್ಕಿಗೆ ದುಡ್ಡು ಕೊಟ್ಟು, ಅದನ್ನು ಬಳಸದೇ ಬಿಟ್ಟ ಹಾಗೆ.

ಹಾಗಂತ ಲಾಭದಲ್ಲಿರುವ ಪುಟ್ ಅಂದರೆ ತಕ್ಷಣ ಎಕ್ಸರ್ಸೈಸ್ ಮಾಡಿಬಿಡುವುದು ಅಂತಲ್ಲ. ನಮ್ಮ ಉದಾಹರಣೆಯಲ್ಲೇ ಬುಡದಲ್ಲಿ ಶೇರು 100, ಸ್ಟ್ರೈಕ್ 110, ಹತ್ತು ರೂಪಾಯಿ ಲಾಭ ಕಣ್ಣಿಗೆ ಕಾಣುತ್ತಿದೆ, ಆದರೂ ಕಾಯುವುದೇ ಸರಿ. ಯಾಕೆಂದರೆ ಇಲ್ಲಿಂದ ಶೇರು 156.25ಕ್ಕೆ ಹೋಗುವ ದಾರಿ ಇನ್ನೂ ತೆರೆದಿದೆ. ಈಗಲೇ 110ಕ್ಕೆ ಮಾರಿದರೆ ಎರಡು ವರ್ಷದಲ್ಲಿ ಬ್ಯಾಂಕಿನಲ್ಲಿ 125.94 ಆಗುತ್ತದೆ, ಶೇರು ಮತ್ತು ಪುಟ್ ಎರಡನ್ನೂ ಇಟ್ಟುಕೊಂಡಿದ್ದರೆ ಪುಟ್ ಬಿಸಾಡಿ 156.25ರ ಶೇರನ್ನು ಉಳಿಸಿಕೊಳ್ಳಬಹುದಿತ್ತು. ಮನಸ್ಸು ಬದಲಿಸುವ ಆ ಅವಕಾಶಕ್ಕೆ ಬೆಲೆ ಇದೆ. ಒಂದು ತಕ್ಕಡಿಯಲ್ಲಿ ಬಡ್ಡಿ, ಇನ್ನೊಂದರಲ್ಲಿ ಈ ಅವಕಾಶ. 80ರ ಗಂಟಿನಲ್ಲಿ ಎರಡನೇ ತಕ್ಕಡಿ ಪೂರ್ತಿ ಖಾಲಿ, ಯಾಕೆಂದರೆ ಮುಂದಿನ ಎರಡೂ ಬೆಲೆ, 100 ಮತ್ತು 64, ಸ್ಟ್ರೈಕ್‌ಗಿಂತ ಕೆಳಗೇ ಇವೆ.

ತಕ್ಕಡಿ ಎಲ್ಲಿ ವಾಲುತ್ತದೆ ನೋಡಬೇಕಾದರೆ ಸ್ಟ್ರೈಕ್ ಒಂದನ್ನೇ ಬದಲಿಸಿ, 110ರ ಜಾಗದಲ್ಲಿ 120 ಹಾಕಿ. ಕೊನೆಯ ಬೆಲೆಗಳು 0, 20, 56. ಮೇಲಿನ ಗಂಟು 7.48, ಕೆಳಗಿನ ಗಂಟಿನಲ್ಲಿ ಎಕ್ಸರ್ಸೈಸ್ ಮಾಡಿ 40. ಬುಡದಲ್ಲಿ ಕಾದರೆ 19.15, ಈಗಲೇ ಮಾಡಿದರೆ 20. ಅಂದರೆ ಇವತ್ತೇ, ಈ ಕ್ಷಣವೇ ಎಕ್ಸರ್ಸೈಸ್ ಮಾಡಬೇಕು, ಆಪ್ಷನ್‌ನ ಬೆಲೆ ಸರಿಯಾಗಿ 20. ಅದೇ ಯುರೋಪಿಯನ್ ಪುಟ್‌ಗೆ ಲೆಕ್ಕ ಹಾಕಿದರೆ 16.21 ಬರುತ್ತದೆ. 120ಕ್ಕೆ ಮಾರುವ ಹಕ್ಕು, ಶೇರು 100ರಲ್ಲಿ ನಿಂತಿದೆ, ಆದರೂ ಬೆಲೆ ಇಪ್ಪತ್ತಕ್ಕಿಂತ ಕಡಿಮೆ. ಮೊದಲ ಸಲ ಇಂಥ ಸಂಖ್ಯೆ ಕಂಡಾಗ ನಾನು ಹಾಳೆಯಲ್ಲೇ ತಪ್ಪಿದೆ ಅಂದುಕೊಂಡು ಒಂದು ಮಧ್ಯಾಹ್ನವೆಲ್ಲ ಹುಡುಕಿದ್ದೆ. ತಪ್ಪಿರಲಿಲ್ಲ. 120 ಈಗ ಸಿಗುವುದಿಲ್ಲ, ಎರಡು ವರ್ಷ ಬಿಟ್ಟು ಸಿಗುತ್ತದೆ, ಅಷ್ಟು ದೂರದ 120ಕ್ಕೆ ಇವತ್ತು 120ರ ಬೆಲೆ ಇಲ್ಲ.

ಕಾಲ್ ಆಪ್ಷನ್ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದಿನ ಪಾಠ ಅದೇ ಇರುತ್ತದೆ, ಎರಡು ಮಾತು ಹೇಳಿಬಿಡುತ್ತೇನೆ. ಡಿವಿಡೆಂಡ್ ಇಲ್ಲದ ಶೇರಿನ ಅಮೆರಿಕನ್ ಕಾಲ್ ಅನ್ನು ಬೇಗ ಎಕ್ಸರ್ಸೈಸ್ ಮಾಡುವುದು ಯಾವತ್ತೂ ಲಾಭವಲ್ಲ. ಕಾಲ್‌ನಲ್ಲಿ ಸ್ಟ್ರೈಕ್ ಹಣ ಕೊಡುವವರು ನೀವು, ತಡವಾಗಿ ಕೊಟ್ಟಷ್ಟೂ ಬಡ್ಡಿ ನಿಮಗೇ. ಬಡ್ಡಿಯೂ ಕಾಯಿರಿ ಅನ್ನುತ್ತದೆ, ಅವಕಾಶವೂ ಕಾಯಿರಿ ಅನ್ನುತ್ತದೆ. ಇದೇ ಮರದಲ್ಲಿ 110ರ ಕಾಲ್‌ಗೆ 125ರ ಗಂಟಿನಲ್ಲಿ ನೋಡಿ: ಈಗಲೇ ಮಾಡಿದರೆ 15, ಕಾದರೆ 25.93. ಡಿವಿಡೆಂಡ್ ಬರುವ ಶೇರಾದರೆ ಮಾತು ಬೇರೆ, ಡಿವಿಡೆಂಡ್ ಕೈತಪ್ಪುವ ದಿನದ ಮುಂಚೆ ಎಕ್ಸರ್ಸೈಸ್ ಮಾಡುವುದು ಲಾಭವಾಗಬಹುದು.

ಇದೆಲ್ಲ ಎಲ್ಲಿ ಕೆಲಸಕ್ಕೆ ಬರುತ್ತದೆ ಅನ್ನುವುದೂ ಗೊತ್ತಿರಲಿ. ಅಮೆರಿಕದ ಎಕ್ಸ್‌ಚೇಂಜ್‌ಗಳಲ್ಲಿ ಒಂದೊಂದು ಕಂಪನಿಯ ಶೇರಿನ ಮೇಲಿನ ಆಪ್ಷನ್‌ಗಳು ಅಮೆರಿಕನ್ ಬಗೆಯವು. ನಮ್ಮಲ್ಲಿ ಎನ್‌ಎಸ್‌ಇಯಲ್ಲಿ ಶೇರುಗಳ ಆಪ್ಷನ್ 2001ರಲ್ಲಿ ಶುರುವಾದಾಗ ಅವೂ ಅಮೆರಿಕನ್ ಬಗೆಯವೇ ಆಗಿದ್ದವು, 2011ರ ಆರಂಭದಿಂದ ಯುರೋಪಿಯನ್‌ಗೆ ಬದಲಾದವು. ಟ್ರೇಡಿಂಗ್ ಪರದೆಯಲ್ಲಿ ಈಗ ಕಾಣುವ `CE`, `PE` ಇದೆಯಲ್ಲ, ಅದರ `E` ಅಂದರೆ ಯುರೋಪಿಯನ್. ಹಿಂದೆ `CA`, `PA` ಅಂತ ಇತ್ತು. ಹಾಗಾಗಿ ನಿಮ್ಮ ಬ್ರೋಕರ್ ಆ್ಯಪ್‌ನಲ್ಲಿರುವ ಪುಟ್‌ಗೆ ಈ 80ರ ಗಂಟಿನ ಲೆಕ್ಕ ಹಾಕಲು ಹೋಗಬೇಡಿ, ಅಲ್ಲಿ ಆ ಬಾಗಿಲು ಇಲ್ಲ, ಬೇಡವಾದರೆ ಮಾರುಕಟ್ಟೆಯಲ್ಲಿ ಮಾರಬಹುದು ಅಷ್ಟೇ.

ಎರಡು ಹೆಜ್ಜೆಯಿಂದ ನಿಜವಾದ ಬೆಲೆ ಸಿಗುವುದಿಲ್ಲ, ಅದು ಗೊತ್ತೇ ಇದೆ. ಹೆಜ್ಜೆ ಜಾಸ್ತಿ ಮಾಡಬೇಕು, ಆಗ ಏರಿಕೆ ಇಳಿಕೆಯ ಪಟ್ಟುಗಳನ್ನು ನಾವೇ ಮನಸ್ಸಿಗೆ ಬಂದ ಹಾಗೆ ಇಡುವುದಿಲ್ಲ, ಶೇರಿನ ಏರಿಳಿತದ ಪ್ರಮಾಣ `sigma` ಇಂದ ತೆಗೆಯುತ್ತೇವೆ. ಕೆಳಗಿನ ಪೈಥಾನ್ ಕೋಡ್ ನಾವು ಕೈಯಲ್ಲಿ ಮಾಡಿದ್ದನ್ನೇ ಮಾಡುತ್ತದೆ.

```python
import math

def am_put(S, K, r, sigma, T, n):
    dt = T / n
    u = math.exp(sigma * math.sqrt(dt))
    d = 1 / u
    R = math.exp(r * dt)
    p = (R - d) / (u - d)
    v = [max(K - S * u**j * d**(n-j), 0) for j in range(n+1)]
    for i in range(n-1, -1, -1):
        for j in range(i+1):
            wait = (p * v[j+1] + (1-p) * v[j]) / R
            v[j] = max(wait, K - S * u**j * d**(i-j))
    return v[0]

print(am_put(100, 110, math.log(1.07), math.log(1.25), 2, 2))
```

ಓಡಿಸಿದರೆ 13.31 ಬರಬೇಕು. ಇಲ್ಲಿ `r` ಮತ್ತು `sigma` ಜಾಗದಲ್ಲಿ `log` ಹಾಕಿರುವುದು ಯಾಕೆಂದರೆ ಕೋಡ್ ಬಡ್ಡಿಯನ್ನು ನಿರಂತರವಾಗಿ ಬೆಳೆಯುವ ಲೆಕ್ಕದಲ್ಲಿ ಕೇಳುತ್ತದೆ, ನಮ್ಮದು ವರ್ಷಕ್ಕೊಮ್ಮೆ 7%; ಇನ್ನು `u` ಸರಿಯಾಗಿ 1.25 ಬರಬೇಕಾದರೆ `sigma` ಕೂಡ 1.25ರ `log` ಆಗಬೇಕು. `r` ಜಾಗದಲ್ಲಿ ಸುಮ್ನೆ 0.07 ಹಾಕಿದರೆ ಉತ್ತರ ಸ್ವಲ್ಪ ಆಚೀಚೆ ಆಗುತ್ತದೆ, ಆಗ ಮರವನ್ನು ದೂರಬೇಡಿ. ಕೊನೆಯಿಂದ ಮೂರನೇ ಸಾಲಿನ ಆ `max` ಸಾಲನ್ನೇ ನಿಮ್ಮ ಎಕ್ಸೆಲ್ ಹಾಳೆಯ ಮಧ್ಯದ ಕೋಶಗಳಲ್ಲಿ ನೀವು ಬಿಟ್ಟಿದ್ದು. ಅಲ್ಲಿ `max` ತೆಗೆದು ಬರೀ `wait` ಇಟ್ಟರೆ ಇದೇ ಕೋಡ್ 10.62 ಕೊಡುತ್ತದೆ.

ಈಗ `n` ಜಾಗದಲ್ಲಿ 50, 51, 52, 53 ಅಂತ ಹಾಕುತ್ತಾ ಹೋಗಿ. ಉತ್ತರ ನೇರವಾಗಿ ಒಂದು ಕಡೆಗೆ ಹೋಗುವುದಿಲ್ಲ, ಒಂದು ಸಲ ಸ್ವಲ್ಪ ಮೇಲೆ, ಒಂದು ಸಲ ಸ್ವಲ್ಪ ಕೆಳಗೆ ಆಡುತ್ತಾ ನಿಧಾನವಾಗಿ ನಿಲ್ಲುತ್ತದೆ. ಇದು ಕೋಡಿನ ದೋಷ ಅಲ್ಲ. ಹೆಜ್ಜೆಗಳ ಸಂಖ್ಯೆ ಬದಲಾದ ಹಾಗೆ ಕೊನೆಯ ಸಾಲಿನ ಗಂಟುಗಳು ಸ್ಟ್ರೈಕ್‌ನ ಎದುರು ಆಚೀಚೆ ಸರಿಯುತ್ತವೆ, ಒಂದು ಸಲ ಗಂಟು ಸ್ಟ್ರೈಕ್‌ಗೆ ಹತ್ತಿರ ಬೀಳುತ್ತದೆ, ಮುಂದಿನ ಸಲ ಎರಡು ಗಂಟಿನ ನಡುವೆ ಸ್ಟ್ರೈಕ್ ಬೀಳುತ್ತದೆ. ಅಕ್ಕಪಕ್ಕದ ಎರಡು `n` ತೆಗೆದುಕೊಂಡು ಸರಾಸರಿ ಮಾಡಿದರೆ ಈ ಆಟ ಬಹುಪಾಲು ಅಡಗುತ್ತದೆ. ನಾನು ಕೆಲಸದಲ್ಲಿ ಹಾಗೇ ಮಾಡುತ್ತೇನೆ.

ತಪ್ಪು ಹಿಡಿಯುವುದಕ್ಕೆ ನಾನು ಮೊದಲು ನೋಡುವುದು `p`. ಅದು 0ಗೂ 1ಕ್ಕೂ ನಡುವೆ ಇರಲೇಬೇಕು. ನಮ್ಮ ಮರದಲ್ಲಿ ಬಡ್ಡಿ 27% ಅಂತ ಹಾಕಿದರೆ `p` ಒಂದನ್ನು ದಾಟುತ್ತದೆ, ಯಾಕೆಂದರೆ ಶೇರು ಏರಿದರೂ 25% ಮಾತ್ರ, ಬ್ಯಾಂಕು ಅದಕ್ಕಿಂತ ಜಾಸ್ತಿ ಕೊಡುತ್ತಿದೆ. ಅಂಥ ಕಡೆ ಶೇರು ಶಾರ್ಟ್ ಮಾಡಿ ಬ್ಯಾಂಕಿಗೆ ಹಾಕಿದವರು ಕಣ್ಣು ಮುಚ್ಚಿ ದುಡ್ಡು ಮಾಡುತ್ತಾರೆ, ಆ ಮರಕ್ಕೆ ಅರ್ಥವಿಲ್ಲ. ನಿಜವಾದ ಲೆಕ್ಕದಲ್ಲಿ ಇದು ಬರುವುದು `sigma` ತೀರಾ ಸಣ್ಣದಿದ್ದು ಹೆಜ್ಜೆಗಳು ತೀರಾ ಉದ್ದ ಇದ್ದಾಗ. ಹೆಜ್ಜೆ ಚಿಕ್ಕದು ಮಾಡಿದರೆ ಸರಿಹೋಗುತ್ತದೆ.

ಎರಡನೆಯದು, ಬಡ್ಡಿಯನ್ನು ಒಂದೇ ಸಲ ಕೊನೆಯಲ್ಲಿ ಕಳೆಯುವ ಅಭ್ಯಾಸ. ಯುರೋಪಿಯನ್ ಆಪ್ಷನ್‌ಗೆ ಅದು ನಡೆಯುತ್ತದೆ: ಮೂರು ಕೊನೆಯ ಬೆಲೆಗಳಿಗೆ 0.36, 0.48, 0.16 ತೂಕ ಹಾಕಿ 12.16 ತಂದು, 1.1449ರಿಂದ ಭಾಗಿಸಿದರೆ ಅದೇ 10.62. ಅಮೆರಿಕನ್‌ಗೆ ಈ ಅಡ್ಡದಾರಿ ಇಲ್ಲ. ಎಕ್ಸರ್ಸೈಸ್ ಮಾಡಿದರೆ ಸಿಗುವುದು ಆ ದಿನದ ಹಣ, ಅದರ ಎದುರು ಇಡುವ ಸಂಖ್ಯೆಯೂ ಆ ದಿನದ ಬೆಲೆಗೆ ಇಳಿಸಿದ್ದೇ ಆಗಿರಬೇಕು. ಬಡ್ಡಿ ಕಳೆಯದ 24.40ನ್ನು 30ರ ಎದುರು ಇಟ್ಟರೆ ನಮ್ಮ ಉದಾಹರಣೆಯಲ್ಲಿ ಅದೃಷ್ಟಕ್ಕೆ ತೀರ್ಮಾನ ಬದಲಾಗುವುದಿಲ್ಲ, ಆದರೆ ಎರಡು ಸಂಖ್ಯೆ ಹತ್ತಿರ ಇದ್ದಾಗ ಕಾಯಬಾರದ ಕಡೆ ಕಾಯಿರಿ ಅನ್ನುತ್ತದೆ ಹಾಳೆ.

ಕೊನೆಗೆ ಒಂದು ಪರೀಕ್ಷೆ, ಯಾವುದೇ ಹಾಳೆ ಕೈಗೆ ಬಂದರೂ ನಾನು ಮಾಡುವುದು. ಬಡ್ಡಿಯನ್ನು 0 ಮಾಡಿ. `p` ಈಗ 0.20 / 0.45, ಅಂದರೆ 0.4444. 80ರ ಗಂಟಿನಲ್ಲಿ ಕಾದರೂ 30, ಈಗಲೇ ಮಾಡಿದರೂ 30, ಯಾಕೆಂದರೆ ಇವತ್ತಿನ 110ಕ್ಕೂ ಮುಂದಿನ ವರ್ಷದ 110ಕ್ಕೂ ವ್ಯತ್ಯಾಸವೇ ಉಳಿದಿಲ್ಲ. ಅಮೆರಿಕನ್, ಯುರೋಪಿಯನ್ ಎರಡೂ 19.14 ಬರಬೇಕು. ಅಮೆರಿಕದಲ್ಲಿ 2009ರಿಂದ 2015ರವರೆಗೆ ಬಡ್ಡಿ ಸೊನ್ನೆಯ ಹತ್ತಿರವೇ ಇತ್ತು, ಆಗ ಪುಟ್ ಬೇಗ ಎಕ್ಸರ್ಸೈಸ್ ಮಾಡುವ ಹಕ್ಕಿಗೆ ಹೆಚ್ಚೇನೂ ಬೆಲೆ ಇರಲಿಲ್ಲ. 2023ರ ಜುಲೈನಲ್ಲಿ ಫೆಡರಲ್ ರಿಸರ್ವ್ ದರ 5.25-5.50 ಶೇಕಡಾದ ಮಟ್ಟಕ್ಕೆ ಏರಿದಾಗ ಅದೇ ಹಕ್ಕಿಗೆ ಮತ್ತೆ ಬೆಲೆ ಬಂತು. ನಿಮ್ಮ ಹಾಳೆಯಲ್ಲಿ ಮಧ್ಯದ ಎರಡು ಕೋಶಗಳಿಗೆ `MAX` ಹಾಕಿ, ಬಡ್ಡಿ 0 ಇಟ್ಟು ಎರಡೂ 19.14 ಬರುತ್ತದಾ ನೋಡಿ, ಆಮೇಲೆ 7% ಇಟ್ಟು 13.31 ಮತ್ತು 10.62 ಬರುತ್ತದಾ ನೋಡಿ. ನಾಲ್ಕೂ ಕೂಡಿದರೆ ಹಾಳೆ ಸರಿಯಿದೆ.